ನಿಮ್ಮ ದೂರಿನ ಬಗ್ಗೆ

ರೇಣುಕಾ ಅವರೇ,

ನಿಮ್ಮ ಮೆಸೇಜು, ಸ್ಕ್ರೀನ್‌ಶಾಟು ಎಲ್ಲಾ ಓದಿದೆ. ‘ನಾನೇ ಜಾಸ್ತಿ ತಲೆಗೆ ಹಚ್ಚಿಕೊಂಡೆನಾ’ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ನಮ್ಮ ಸ್ಟಡಿ ಗ್ರೂಪಿನ ಸದಸ್ಯರೊಬ್ಬರು ನೋಟ್ಸ್ ಕೊಡುತ್ತೇನೆ ಅಂತ ಶುರು ಮಾಡಿ ರಾತ್ರಿ ಹನ್ನೊಂದರ ಮೇಲೆ ಫೋಟೊ ಕೇಳುವುದು, ಬೇಡ ಅಂತ ನೀವು ಬರೆದ ಮೇಲೂ ಬೇರೆ ನಂಬರಿನಿಂದ ಬರುವುದು, ಗಂಗಾವತಿ ಬಸ್ಸಿನ ಟೈಮ್ ತಿಳಿದುಕೊಂಡು ಕೊಪ್ಪಳ ಬಸ್ ನಿಲ್ದಾಣದಲ್ಲಿ ಕಾಯುವುದು. ಇದು ಕಾಟ, ಬೇರೆ ಹೆಸರಿಲ್ಲ.

ಅವರನ್ನು ಇವತ್ತೇ ಗ್ರೂಪಿನಿಂದ ತೆಗೆಯುತ್ತೇನೆ. ಅದು ಅಡ್ಮಿನ್ ಕೆಲಸ, ಆ ಹೊರೆ ನಿಮಗೆ ಬೇಡ. ಹೊತ್ತು ಮಾತ್ರ ನೀವು ಹೇಳಿ. ತೆಗೆದದ್ದು ಗ್ರೂಪಿನಲ್ಲಿ ಎಲ್ಲರಿಗೂ ಕಾಣುತ್ತದೆ, ದೂರು ಯಾರದ್ದು ಅಂತ ಅವರಿಗೆ ಅಂದಾಜಾಗುತ್ತದೆ. ನೀವು ಒಬ್ಬರೇ ಬಸ್ಸಿನಲ್ಲಿ ಇರುವಾಗ ಹಾಗಾಗುವುದು ಬೇಡ. ಮನೆ ಮುಟ್ಟಿ ಒಂದು ಮೆಸೇಜ್ ಹಾಕಿ. ನಿಮ್ಮ ಹೆಸರು ನಾನು ಎತ್ತುವುದಿಲ್ಲ. ಅವರಿಗೆ ಕಳಿಸುವುದು ಇಷ್ಟೇ: ‘ಸದಸ್ಯರಿಗೆ ತೊಂದರೆ ಕೊಟ್ಟಿದ್ದಕ್ಕೆ ನಿಮ್ಮನ್ನು ತೆಗೆದಿದ್ದೇವೆ. ಇಲ್ಲಿನ ಯಾರಿಗೂ ಮೆಸೇಜ್, ಫೋನ್ ಮಾಡಬೇಡಿ.’ ಅದರ ಮೇಲೆ ವಾದ ಇಲ್ಲ.

ಇತಿಹಾಸದ ನೋಟ್ಸ್ ಹೋಗುತ್ತದೆ ಅಂತ ಕೆಲವರು ಗೊಣಗಬಹುದು. ಗೊಣಗಲಿ. ಗವಿಮಠದ ಶಾಸನ, ಪಾಲ್ಕಿಗುಂಡಿನ ಶಾಸನ ಎರಡೂ ನಮ್ಮೂರಲ್ಲೇ ಇವೆ, ನಾವೇ ಓದಿಕೊಂಡರಾಯ್ತು.

ಗ್ರೂಪಿನಿಂದ ತೆಗೆದರೂ ನಿಮ್ಮ ನಂಬರ್ ಅವರ ಫೋನಿನಲ್ಲೇ ಇರುತ್ತದೆ. ಅದಕ್ಕೆ ಎರಡೂ ನಂಬರ್ ಬ್ಲಾಕ್ ಮಾಡಿ. ಅದಕ್ಕೂ ಮೊದಲು ಪೂರ್ತಿ ಚಾಟ್ ಉಳಿಸಿಕೊಳ್ಳಿ, ಯಾಕಂದರೆ ಹೊಸ ಮೆಸೇಜುಗಳನ್ನು ಅವರು ಎಲ್ಲರಿಗೂ ಅಳಿಸಿಬಿಡಬಹುದು. ತಾರೀಕು, ಟೈಮ್, ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಅಕ್ಕನಿಗೋ ಅಮ್ಮನಿಗೋ ಕಳಿಸಿಡಿ. ಬ್ಲಾಕ್ ಮಾಡುವಾಗ ಚಾಟ್ ಡಿಲೀಟ್ ಮಾಡಬೇಡಿ. ಪ್ರೊಫೈಲ್ ಫೋಟೊ ನಿಮ್ಮ ಕಾಂಟ್ಯಾಕ್ಟ್‌ನವರಿಗಷ್ಟೇ ಕಾಣುವಂತೆ ಇಟ್ಟು, ಅವರ ನಂಬರ್ ಸೇವ್ ಇದ್ದರೆ ತೆಗೆದುಬಿಡಿ.

ಪೊಲೀಸ್ ದೂರು ಕೊಡುವುದೋ ಬೇಡವೋ ಅನ್ನುವುದು ನಿಮ್ಮ ಕೈಯಲ್ಲಿ. ನಾನು ಒತ್ತಾಯ ಮಾಡುವುದಿಲ್ಲ, ತಡೆಯುವುದೂ ಇಲ್ಲ. ಹೆಣ್ಣುಮಗಳು ಬೇಡ ಅಂದ ಮೇಲೂ ಬೆನ್ನು ಹತ್ತುವುದು, ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆ 78ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲ ಸಾಬೀತಾದರೆ 3 ವರ್ಷದವರೆಗೆ ಜೈಲು. ಗಂಗಾವತಿ ಠಾಣೆಯಲ್ಲೇ ದೂರು ಕೊಡಬಹುದು. ನಡೆದದ್ದು ಕೊಪ್ಪಳದಲ್ಲಿ, ಅಲ್ಲಿಗೆ ಹೋಗಿ ಅಂತ ವಾಪಸ್ ಕಳಿಸುವ ಹಾಗಿಲ್ಲ. ಆನ್‌ಲೈನ್‌ನಲ್ಲಾದರೆ cybercrime.gov.in. ಹಿಂದೆ ಬಂದು ನಿಂತರೆ ಇದ್ಯಾವುದನ್ನೂ ಯೋಚಿಸಬೇಡಿ, ಸೀದಾ 112ಕ್ಕೆ ಫೋನ್ ಮಾಡಿ. ಠಾಣೆಗೆ ಹೋಗುವುದಾದರೆ ನಾನೂ ಬರುತ್ತೇನೆ, ಗ್ರೂಪಿನ ಬಗ್ಗೆ ಏನು ಕೇಳಿದರೂ ಹೇಳುತ್ತೇನೆ.

ಇಬ್ಬರು ಹುಡುಗಿಯರು ಗಂಗಾವತಿಯಿಂದಲೇ ಭಾನುವಾರದ ಟೆಸ್ಟಿಗೆ ಬರುತ್ತಾರೆ. ಒಟ್ಟಿಗೆ ಬರಬಹುದು ಅನ್ನಿಸಿದರೆ ಕಾರಣ ಹೇಳದೆ ಅವರನ್ನು ಕೇಳುತ್ತೇನೆ. ಬರಲು ಮನಸ್ಸಿಲ್ಲ ಅಂದರೆ ಪ್ರಶ್ನೆಪತ್ರಿಕೆ ನಿಮಗೆ ಬೇರೆಯಾಗಿ ಕಳಿಸುತ್ತೇನೆ.

ಶಾಂತಾ, ಅಡ್ಮಿನ್