ಹಪ್ಪಳದ ಕಾವಲು

ಕುದ್ರೋಳಿಯ ಆ ಬಿಲ್ಡಿಂಗಿನ ತಾರಸಿ ಮೇ ತಿಂಗಳಲ್ಲಿ ಯಾರಿಗೂ ಸಾಲುವುದಿಲ್ಲ. ಮಳೆ ಹಿಡಿಯುವ ಮೊದಲು ಎಲ್ಲರಿಗೂ ಬಿಸಿಲು ಬೇಕು. ಎಡಕ್ಕೆ ಮೂರು ಮನೆಯವರ ಬಟ್ಟೆ. ಬಲಕ್ಕೆ ಶಾರದಕ್ಕನ ಹಲಸಿನ ಹಪ್ಪಳದ ಚಾಪೆಗಳು. ಮೂಲೆಯಲ್ಲಿ ಕೆಳಮನೆಯವರ ಒಣಮೀನು, ಸೋಲಾರು, ಯಾರದೋ ತುಕ್ಕು ಹಿಡಿದ ಸೈಕಲ್ಲು. ನಡುವೆ ಉಳಿದ ಓಣಿಯೇ ಪ್ರೀತಮನ ಪಿಚ್ಚು.

ಪ್ಲಾಸ್ಟಿಕ್ ಟ್ಯಾಂಕೇ ವಿಕೆಟ್ಟು. ಬಾಲ್ ತಾಗಿದರೆ ಡುಬ್ ಅನ್ನುತ್ತದೆ, ಜಗಳಕ್ಕೆ ಜಾಗವೇ ಇಲ್ಲ. ಮೆಟ್ಟಿಲ ಬಾಗಿಲಿನಿಂದ ನಿಯಾಝ್ ಅಂಡರ್ ಆರ್ಮ್ ಹಾಕುತ್ತಾನೆ. ಬಟ್ಟೆಗೆ ತಾಗಿದರೆ ಔಟ್. ಚಾಪೆಗೆ ಬಿದ್ದರೆ ಔಟ್, ಜೊತೆಗೆ ಬೈಗುಳ. ತಾರಸಿ ದಾಟಿದರೂ ಔಟ್, ಹೊಡೆದವನೇ ಇಳಿದು ಬಾಲ್ ತರಬೇಕು. ಹಾಗಾಗಿ ಪ್ರೀತಮ್ ಕಲಿತದ್ದು ಒಂದೇ ಹೊಡೆತ: ನೆಲಕ್ಕೆ ಅಂಟಿಕೊಂಡು, ನೇರ, ನಿಯಾಝನ ಕಾಲ ಸಂದಿಗೆ. ಟೆನಿಸ್ ಬಾಲ್ ಪುಟಿಯುವುದು ಜಾಸ್ತಿ, ಅದನ್ನು ಒತ್ತಿ ಹಿಡಿಯುವುದು ಸುಲಭವಲ್ಲ.

ಆಡಲು ಶಾರದಕ್ಕ ಒಪ್ಪಿದ್ದೂ ಸುಮ್ನೆ ಅಲ್ಲ. ಒಣಮೀನಿನ ವಾಸನೆಗೆ ಬಂದ ಕಾಗೆಗಳು ಹಪ್ಪಳಕ್ಕೂ ಬಾಯಿ ಹಾಕುತ್ತವೆ.

"ಕಾಗೆ ಓಡಿಸ್ತೀಯಾದ್ರೆ ಆಡು. ಒಂದು ಹಪ್ಪಳ ಹೋದ್ರೂ ಬ್ಯಾಟ್ ಒಲೆಗೆ."

"ಕೆ.ಎಲ್. ರಾಹುಲ್ ಕೂಡ ನೆಹರೂ ಮೈದಾನದಲ್ಲಿ ಆಡಿಯೇ ದೊಡ್ಡವನಾದದ್ದು ಅಕ್ಕಾ."

"ಅವ ಹಪ್ಪಳದ ನಡುವೆ ಆಡ್ಲಿಲ್ಲ ಮಾರಾಯ."

ಭಾನುವಾರ ಅದೇ ಮೈದಾನದಲ್ಲಿ ಅಣ್ಣಂದಿರ ಟೀಮಿನ ಮ್ಯಾಚು. ಅಲ್ಲೂ ಇಕ್ಕಟ್ಟೇ, ನಮ್ಮ ಫೀಲ್ಡರ್ ಪಕ್ಕದ ಮ್ಯಾಚಿನ ಬೌಲರ್‌ಗೆ ಡಿಕ್ಕಿ ಹೊಡೆಯುವಷ್ಟು. ಆದರೆ ಅಣ್ಣಂದಿರು ಪ್ರೀತಮನನ್ನು ಇನ್ನೂ ಸೇರಿಸಿಕೊಂಡಿರಲಿಲ್ಲ. "ನಿನ್ನ ಹತ್ರ ಸಿಕ್ಸ್ ಇಲ್ಲ" ಅಂದಿದ್ದರು.

ಶುಕ್ರವಾರ ಸಂಜೆ ಅವರಲ್ಲೊಬ್ಬ, ದೀಪಣ್ಣ, ನೋಡಲೆಂದೇ ತಾರಸಿಗೆ ಬಂದ. ಪ್ರೀತಮ್ ಎಂದಿನಂತೆ ನೇರ ತಳ್ಳಿದ. ಮತ್ತೆ ನೇರ. ದೀಪಣ್ಣ ಆಕಳಿಸಿ ಮೊಬೈಲ್ ತೆಗೆದ.

ನಿಯಾಝ್ ಮುಂದಿನ ಬಾಲ್ ಬಿಡುವಾಗಲೇ ದೊಡ್ಡ ಕಾಗೆಯೊಂದು ಚಾಪೆಯ ಅಂಚಿಗೆ ಇಳಿಯಿತು. ಓಡಿಸಲು ಹೋದರೆ ಬೌಲ್ಡ್. ಹೋಗದಿದ್ದರೆ ಬ್ಯಾಟು ಒಲೆಗೆ. ಪ್ರೀತಮ್ ಕಾಲು ಮುಂದಿಟ್ಟು ಬೀಸಿದ. ಬಾಲ್ ಕಾಗೆಯ ತಲೆ ಮೇಲಿಂದ ಹಾರಿ, ಪ್ಯಾರಾಪೆಟ್ ದಾಟಿ, ಎದುರು ಮನೆಯ ಹಂಚಿಗೆ ಬಡಿಯಿತು. ಕಾಗೆ ಹೆದರಿ ಹಾರಿತು. ಹಪ್ಪಳ ಉಳಿಯಿತು.

"ಔಟ್!" ನಿಯಾಝ್ ಕುಣಿದ. "ತಾರಸಿ ದಾಟಿತು!"

"ಎಂತ ಔಟ್? ಸಿಕ್ಸ್ ಅದು!" ದೀಪಣ್ಣ ಮೊಬೈಲ್ ಕಿಸೆಗೆ ಹಾಕಿದ. "ಭಾನುವಾರ ಬೆಳಿಗ್ಗೆ ಏಳಕ್ಕೆ ಬಾ."

"ಬರ್ತೇನೆ ಅಣ್ಣಾ. ಆದ್ರೆ..." ಪ್ರೀತಮ್ ಶಾರದಕ್ಕನ ಕಡೆ ನೋಡಿದ.

"ಭಾನುವಾರ ಸಂಡಿಗೆ ಹಾಕ್ಲಿಕ್ಕುಂಟು," ಅಂದರು ಶಾರದಕ್ಕ. "ಕಾಗೆಗೆ ಯಾರನ್ನ ಬಿಟ್ಟು ಹೋಗ್ತೀ?"

ಪ್ರೀತಮ್ ನಿಯಾಝನನ್ನು ನೋಡಿದ. ನಿಯಾಝ್ ಆಗಲೇ ಬಾಲ್ ತರುವ ನೆಪದಲ್ಲಿ ಮೆಟ್ಟಿಲಿಳಿಯುತ್ತಿದ್ದ.