ಸುಮಾಗೆ, ನಿನ್ನೊಳಗೇ ಇರೋ ಗೆಳತಿ ಬರೆದ ಕಾಗದ

ಸುಮಾ,

ಇಷ್ಟೊತ್ತಾದ್ರೂ ನಿಂಗೆ ನಿದ್ದೆ ಬಂದಿಲ್ಲ, ಫೋನಲ್ಲಿ ಆ ಗೆಸ್ಟ್ ಲೆಕ್ಚರರ್ ಲಿಸ್ಟನ್ನೇ ತೆಗ್ದು ತೆಗ್ದು ನೋಡ್ತಿದ್ದೀಯ, ಎಲ್ಲಾದ್ರೂ ಕೆಳಗಡೆ ಹೆಸರು ಇರಬಹುದೇನೋ ಅಂತ. ಇಲ್ಲ ಕಣೇ. ಈ ವರ್ಷ ಇಲ್ಲ. ಹಿಸ್ಟರಿಗೆ ಮಕ್ಕಳು ಕಮ್ಮಿ ಸೇರಿದ್ರು, ವರ್ಕ್‌ಲೋಡ್ ಇಳೀತು, ಇರೋ ಪೀರಿಯಡ್ಡೆಲ್ಲ ಪರ್ಮನೆಂಟ್ ಇರೋರಿಗೇ ಸರಿಹೋಯ್ತು, ಗೆಸ್ಟ್ ಲೆಕ್ಚರರ್‌ಗೆ ಏನೂ ಉಳೀಲಿಲ್ಲ. ಆಗಿರೋದು ಇಷ್ಟು. ಇದು ನೋವಾಗೋ ವಿಷ್ಯಾನೇ, ಹೋಗ್ಲಿ ಬಿಡು ಅಂತ ನಾನಂತೂ ಹೇಳಲ್ಲ. ವರ್ಷಗಟ್ಲೆ ಬೆಳಗ್ಗೆ ಎದ್ದು ಮೈಸೂರಿಂದ ಮಂಡ್ಯ ಟ್ರೈನ್ ಹಿಡ್ಕೊಂಡು ಹೋದೋಳು ನೀನು, ಸೀಟ್ ಸಿಗದೆ ಇದ್ರೂ ಬಾಗಿಲ ಹತ್ರ ನಿಂತ್ಕೊಂಡೇ ನೋಟ್ಸ್ ನೋಡ್ಕೊಂಡಿದ್ದೀಯ, ಅದು ಒಂದೇ ದಿನಕ್ಕೆ ನಿಂತೋದ್ರೆ ಎದೆ ಬಿಗಿಯದೆ ಇನ್ನೇನಾಗುತ್ತೆ ಹೇಳು. ಅಳು ಬಂದ್ರೆ ಅಳು, ಬಾಯಿಗೆ ದಿಂಬು ಒತ್ಕೊಂಡು ಅಳಬೇಡ.

ನನಗೆ ತುಂಬಾ ಸಂಕಟ ಆಗಿದ್ದು ಲಿಸ್ಟ್ ನೋಡಿ ಅಲ್ಲ, ಅದಾದ್ಮೇಲೆ ನಿನ್ನ ಬಗ್ಗೆ ನೀನೇ ಅಂದ್ಕೊಂಡ ಮಾತು ಕೇಳಿ. "ಈ ವಯಸ್ಸಿಗೆ ಒಂದು ನೆಲೆ ಇಲ್ಲ, ಓದಿದ್ದೆಲ್ಲ ದಂಡ, ನಾನೇ ದಂಡ" ಅಂದ್ಯಲ್ಲ, ಆ ಮಾತನ್ನ ಬೇರೆ ಯಾರಿಗಾದ್ರೂ ಹೇಳ್ತಿದ್ಯಾ ನೀನು? ಹೋದ ಸಲ ಕಾಮರ್ಸ್‌ನಲ್ಲಿದ್ದ ನಿನ್ನ ಫ್ರೆಂಡ್‌ಗೆ ಅವರ್ಸ್ ಸಿಗದೆ ಹೋದಾಗ ಮಂಡ್ಯ ಬಸ್ ಸ್ಟ್ಯಾಂಡಲ್ಲಿ ಅವಳ ಕೈ ಹಿಡ್ಕೊಂಡು ಕೂತಿದ್ದೆ, ಟೀ ಕುಡಿಸಿದೆ, "ನೀನು ಪಾಠ ಮಾಡೋದಕ್ಕೂ ಈ ಲಿಸ್ಟ್‌ಗೂ ಸಂಬಂಧಾನೇ ಇಲ್ಲ ಕಣೇ" ಅಂದೆ, ಅವಳ ಬಸ್ ಬರೋವರ್ಗೂ ಎದ್ದು ಹೋಗ್ಲಿಲ್ಲ. ಅವತ್ತು ನೀನು ಸುಮ್ನೆ ಸಮಾಧಾನಕ್ಕೆ ಹೇಳ್ಲಿಲ್ಲ, ನಿಜಾನೇ ಹೇಳಿದ್ದು. ಅವಳ ವಿಷ್ಯದಲ್ಲಿ ನಿಜ ಆಗಿದ್ದು ನಿನ್ನ ವಿಷ್ಯದಲ್ಲಿ ಹೆಂಗೆ ಸುಳ್ಳಾಗುತ್ತೆ?

ಮತ್ತೆ ನೀನು ಒಬ್ಬಳೇ ಅಲ್ಲ. ರಾಜ್ಯದ ಎಷ್ಟೋ ಕಾಲೇಜಲ್ಲಿ ಎಂಎ ಮಾಡಿ, ಕೆಸೆಟ್ ಪಾಸಾಗಿ, ಪಿಎಚ್‌ಡಿ ಮುಗಿಸಿ, ಪ್ರತಿ ವರ್ಷ ಹೊಸದಾಗಿ ಅಪ್ಲಿಕೇಶನ್ ಹಾಕಿ ಕಾಯೋರು ಇದ್ದಾರೆ, ರಜೆ ಬಂತು ಅಂದ್ರೆ ಮಕ್ಕಳಿಗೆ ಖುಷಿ, ಇವ್ರಿಗೆ ಸಂಬಳ ಇಲ್ಲ. ಅವರಲ್ಲೂ ಯಾರೋ ಒಬ್ರು ಈ ಹೊತ್ತಲ್ಲಿ ನಿನ್ನ ತರಾನೇ ಎದ್ದಿರ್ತಾರೆ. ಇದನ್ನ ಹೇಳ್ತಿರೋದು ನಿನ್ನ ನೋವು ಸಣ್ಣದು ಅನ್ನೋಕಲ್ಲ, ನಿನ್ನಲ್ಲೇ ಏನೋ ಐಬಿದೆ ಅಂದ್ಕೊಂಡಿದ್ದೀಯಲ್ಲ, ಅದು ಹೋಗ್ಲಿ ಅಂತ.

ಮಕ್ಕಳನ್ನ ಮದ್ದೂರಿನ ಶಿವಪುರಕ್ಕೆ ಕರ್ಕೊಂಡು ಹೋಗಿದ್ದು ನೆನಪಿದ್ಯಾ, ಸತ್ಯಾಗ್ರಹ ಸೌಧದ ಮುಂದೆ ನಿಲ್ಲಿಸಿ 1938ರ ಧ್ವಜ ಸತ್ಯಾಗ್ರಹದ ಕತೆ ಹೇಳಿದ್ದು? ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸೋಕೆ ಬಿಡ್ತಿರ್ಲಿಲ್ಲ, ಅದಕ್ಕೇ ಜನ ಇಲ್ಲಿ ಸೇರಿದ್ರು ಅಂತ ನೀನು ಹೇಳ್ತಿದ್ರೆ ಕೊನೇ ಬೆಂಚಿನ ಹುಡುಗ್ರೂ ಫೋನ್ ಜೇಬಿಗಿಟ್ಕೊಂಡಿದ್ರು. ಒಬ್ಬಳು ಹುಡುಗಿ ಬಂದು "ನಮ್ಮೂರು ಇಲ್ಲೇ ಪಕ್ಕ ಮೇಡಂ, ದಿನಾ ಇದರ ಮುಂದೇನೇ ಹೋಗ್ತೀನಿ, ಗೊತ್ತೇ ಇರ್ಲಿಲ್ಲ" ಅಂದ್ಲು. ಅವಳು ಈಗ ಬಿ.ಎಡ್ ಓದ್ತಿದ್ದಾಳೆ, ದಸರಾಗೆ ನಿಂಗೆ ಮೆಸೇಜ್ ಮಾಡ್ತಾಳೆ. ಇದೆಲ್ಲ ದಂಡನಾ?

ಮನೆ ಬಾಡಿಗೆ, ಚೀಟಿ ದುಡ್ಡು, ಅಮ್ಮನ ಮಾತ್ರೆ, ಎಲ್ಲಾ ತಲೇಲಿ ಓಡ್ತಿದೆ ಅಂತ ಗೊತ್ತು. ಅದಕ್ಕೆಲ್ಲ ಇವತ್ತು ರಾತ್ರೀನೇ ದಾರಿ ಹುಡುಕ್ಬೇಕಾಗಿಲ್ಲ. ಟ್ಯೂಷನ್, ಪ್ರೈವೇಟ್ ಕಾಲೇಜು, ಅವೆಲ್ಲ ಆಮೇಲೆ ಕೂತು ನೋಡಣ, ಈ ವಾರ ಉಸಿರಾಡೋಕೆ ಬಿಡು ನಿನ್ನ.

ನಿನ್ನೆಯಿಂದ ಬರೀ ಕಾಫೀಲೇ ಇದ್ದೀಯ. ಡಬ್ಬೀಲಿ ಅವಲಕ್ಕಿ ಇದೆ, ವಸಿ ಮೊಸರು ಹಾಕ್ಕೊಂಡು ತಿನ್ನು, ಮುಖ ತೊಳ್ಕೊಂಡು ಮಲಕ್ಕೊ, ನಿದ್ದೆ ಬರದೆ ಇದ್ರೂ ಪರವಾಗಿಲ್ಲ ಸುಮ್ನೆ ಕಣ್ಮುಚ್ಚು. ಬೆಳಗ್ಗೆ ಪಾಂಡವಪುರದಿಂದ ಅಣ್ಣ ಫೋನ್ ಮಾಡ್ತಾನೆ, ಎತ್ತು. ಕಬ್ಬಿನ ದುಡ್ಡು ಬಂದಿಲ್ಲ ಅಂತ ಅವನು ಹೇಳ್ಕೊಳ್ತಾನಲ್ಲ ನಿನ್ ಹತ್ರ, ನೀನೂ ಹೇಳ್ಕೋಬಹುದು, ಅವನೇನೂ ಬೈಯಲ್ಲ.

ಇನ್ನೊಂದು ಮಾತು, ಇದನ್ನ ಮಾತ್ರ ತಳ್ಳಿ ಹಾಕ್ಬೇಡ. ಬದುಕೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದ್ರೂ ಒಬ್ಬಳೇ ಕೂರ್ಬೇಡ, ಆ ಕ್ಷಣಾನೇ ಅಣ್ಣನ್ನ ಎಬ್ಬಿಸು, ಇಲ್ಲಾ ಟೆಲಿ ಮಾನಸ್ ಹೆಲ್ಪ್‌ಲೈನ್ 14416ಕ್ಕೆ ಫೋನ್ ಮಾಡು, ರಾತ್ರಿ ಹಗಲು ಇರ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಬೇಕಾಗಿಲ್ಲ. ಈ ಭಾರ ಇನ್ನೊಂದೆರಡು ವಾರ ಹಿಂಗೇ ಇದ್ರೆ ಕೆ.ಆರ್. ಆಸ್ಪತ್ರೆಗೆ ಹೋಗಿ ಮನೋರೋಗ ವಿಭಾಗದಲ್ಲಿ ತೋರಿಸ್ಕೊ. ಅಮ್ಮನ್ನ ಬಿಪಿಗೆ ಕರ್ಕೊಂಡು ಹೋಗುವಾಗ ನಾಚ್ಕೊಂಡಿದ್ಯಾ? ಇದಕ್ಕೂ ಬೇಡ.

ಬೆಳಗ್ಗೆ ಎದ್ದಾಗ ಮತ್ತೆ ಆ ಬೈಗುಳ ಶುರುವಾದ್ರೆ ಈ ಕಾಗದ ತೆಗ್ದು ಇನ್ನೊಂದ್ಸಲ ಓದು, ದಿಂಬಿನ ಕೆಳಗೇ ಇಟ್ಟಿರ್ತೀನಿ.

ಯಾವಾಗ್ಲೂ ನಿನ್ನ ಕಡೆಗೇ ಇರೋ,
ನಿನ್ನ ಗೆಳತಿ