ಅಜ್ಜಿ ಹುಲಿ ಮಾಡಿದ್ದಾರೆ!

ರಾಜ್ಯೋತ್ಸವದ ದಿನ ಕನ್ನಡ ತರಗತಿಯ ಮಕ್ಕಳು ಆಡುವ ಕಿರುನಾಟಕ. ಸುಮಾರು 12 ನಿಮಿಷ.

ಆಡಿಸುವವರಿಗೆ ಒಂದೆರಡು ಮಾತು: ಇಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡದಲ್ಲಿ ತುಂಬಾ ಕಷ್ಟದ ಅಕ್ಷರ ಯಾವುದು ಅಂದರೆ ನಾನು ‘ಳ’ ಅನ್ನುತ್ತೇನೆ. ಇಂಗ್ಲಿಷಿನಲ್ಲಿ ಆ ಧ್ವನಿಯೇ ಇಲ್ಲ. ಬಾಯಿಗೆ ಬರುವುದಿರಲಿ, ಅದು ಮೊದಲು ಕಿವಿಗೇ ಬೀಳುವುದಿಲ್ಲ. ಬೋರ್ಡಿನ ಮೇಲೆ ಬರೆದು ತೋರಿಸಿದರೆ ಮಕ್ಕಳು ತಲೆಯಾಡಿಸುತ್ತಾರೆ, ಬಾಗಿಲು ದಾಟುವಾಗ ‘ನಾಲೆ ಬರ್ತೀನಿ ಮಿಸ್’ ಅನ್ನುತ್ತಾರೆ. ನಗು ಬಂದ ಪದ ಮಾತ್ರ ಮರೆಯುವುದಿಲ್ಲ. ಅದಕ್ಕೇ ಈ ಅಜ್ಜಿ.

ಮಾತೆಲ್ಲ ಮನೆಯಲ್ಲಿ ಆಡುವ ರೂಪದಲ್ಲೇ ಇದೆ, ದಯವಿಟ್ಟು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಅಜ್ಜಿ ತಿಪಟೂರಿನವರು. ನಿಮ್ಮ ಅಜ್ಜಿ ಪಾತ್ರದವರು ಹುಬ್ಬಳ್ಳಿ ಕಡೆಯವರಾದರೆ ‘ಯಾಕೋ ಹೀಗೆ’ ಇರುವ ಕಡೆ ‘ಯಾಕೋ ಹಿಂಗ’ ಅನ್ನಲಿ, ಇನ್ನೂ ಚೆಂದ. ಸಾಧ್ಯವಾದರೆ ಊರಿಂದ ಬಂದಿರುವ ನಿಜವಾದ ಅಜ್ಜಿಯನ್ನೇ ಹಿಡಿದು ತನ್ನಿ. ಜೇಕಬ್ ಪಾತ್ರವನ್ನು ಕನ್ನಡ ಬಾರದ ನೆರೆಮನೆ ಮಗುವಿಗೇ ಕೊಡಿ.

ಪಾತ್ರಗಳು: ಅಜ್ಜಿ. ಅನ್ವಿ, 10 ವರ್ಷ. ಇಶಾನ್, 7 ವರ್ಷ. ಅಮ್ಮ (ಸುಧಾ). ಜೇಕಬ್, ಎದುರುಮನೆ ಹುಡುಗ.

ಬೇಕಾದ ಸಾಮಾನು: ದೊಡ್ಡ ಪಾತ್ರೆ, ಸೌಟು, ಬಕೆಟ್, ಒಂದು ಡಬ್ಬಿ ಹೆಸರುಕಾಳು, ಹಾಲಿನ ಖಾಲಿ ಕ್ಯಾನ್, ಎರಡು ನುಗ್ಗೇಕಾಯಿ, ರಟ್ಟಿನ ಫಲಕ, ವೀಳ್ಯದೆಲೆ (ಸಿಗದಿದ್ದರೆ ಹಸಿರು ಕಾಗದ).

ದೃಶ್ಯ 1

(ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಂದು ಅಡುಗೆಮನೆ. ನವೆಂಬರ್ ಚಳಿ. ಅಜ್ಜಿ ಸೀರೆ ಮೇಲೆ ಸ್ವೆಟರ್, ತಲೆಗೆ ಮಂಕಿ ಟೋಪಿ, ಕಾಲಿಗೆ ಅಳಿಯನ ದಪ್ಪ ಸಾಕ್ಸ್ ಹಾಕಿದ್ದಾರೆ. ಒಗ್ಗರಣೆ ಚಟಪಟ ಅನ್ನಬೇಕು: ಪಾರ್ಸೆಲ್ ಜೊತೆ ಬರುವ ಗುಳ್ಳೆ ಪ್ಲಾಸ್ಟಿಕ್ಕನ್ನು ಯಾರಾದರೂ ಮೈಕ್ ಹತ್ತಿರ ಒಡೆದರೆ ಸಾಕು.)

ಅಜ್ಜಿ: ಮಕ್ಕಳೇ! ಬನ್ರೋ ಊಟಕ್ಕೆ! ಹುಳಿ ಆಯ್ತು!

ಇಶಾನ್: (ಓಡಿ ಬಂದು) ಏನಾಯ್ತು ಅಜ್ಜಿ?

ಅಜ್ಜಿ: ಹುಳಿ ಕಣೋ, ಹುಳಿ. ಬಿಸಿಬಿಸಿಯಾಗಿದೆ, ಕೈ ತೊಳ್ಕೊಂಡು ಬಾ.

ಇಶಾನ್: (ಅಕ್ಕನ ಕಿವಿಯಲ್ಲಿ, ಸಭೆಗೆಲ್ಲ ಕೇಳುವಂತೆ) ಅಕ್ಕಾ, ಹುಲಿ ಅಂದ್ರೆ?

ಅನ್ವಿ: ಕ್ಲಾಸಲ್ಲಿ ಪ್ರಾಣಿಗಳ ಚಾರ್ಟ್ ಇತ್ತಲ್ಲ. ಆನೆ, ಕರಡಿ, ಹುಲಿ. ಹುಲಿ ಅಂದ್ರೆ ಟೈಗರ್.

(ಇಬ್ಬರೂ ಪಾತ್ರೆ ನೋಡುತ್ತಾರೆ. ಒಬ್ಬರನ್ನೊಬ್ಬರು ನೋಡುತ್ತಾರೆ. ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.)

ಇಶಾನ್: ಅ... ಅಜ್ಜಿ, ಅದು ಎಲ್ಲಿ ಸಿಕ್ತು?

ಅಜ್ಜಿ: ಸಿಗೋದೇನು ಬಂತು, ನಾನೇ ಮಾಡಿದ್ದು. ಬೆಳಗ್ಗೆ ಕುಕ್ಕರಿಗೆ ಹಾಕ್ದೆ, ನಾಲ್ಕು ಸಲ ಕೂಗ್ತು.

ಇಶಾನ್: ಕೂಗ್ತಾ? ಪಾಪ!

ಅನ್ವಿ: ಆಮೇಲೆ?

ಅಜ್ಜಿ: ಆಮೇಲೆ ಸೌಟಲ್ಲಿ ಚೆನ್ನಾಗಿ ಮಸೆದೆ. ಹುಣಸೆಹಣ್ಣು ಹಿಂಡಿದೆ. ಪುಡಿ ಹಾಕಿ ಕೊತಕೊತ ಕುದಿಸಿದೆ. ನಿಮ್ಮಮ್ಮ ಚಿಕ್ಕವಳಿದ್ದಾಗ ದಿನಾ ಹುಳಿ ಇಲ್ದಿದ್ರೆ ಊಟಾನೇ ಮಾಡ್ತಿರ್ಲಿಲ್ಲ.

ಇಶಾನ್: ಅಮ್ಮ ದಿನಾ ಒಂದು ಹುಲಿ ತಿಂತಿದ್ಲಾ!

ಅಜ್ಜಿ: ಒಂದೇ ಏನು? ಮಧ್ಯಾಹ್ನಕ್ಕೊಂದು, ರಾತ್ರಿಗೊಂದು.

(ಇಶಾನ್ ಮೇಜಿನ ಕೆಳಗೆ ನುಗ್ಗಿ ಫೋನ್ ಮಾಡುತ್ತಾನೆ.)

ಇಶಾನ್: ಜೇಕಬ್! ಎಮರ್ಜೆನ್ಸಿ! ನಮ್ಮಜ್ಜಿ ಟೈಗರ್ ಕುಕ್ ಮಾಡಿದ್ದಾರೆ! ಕಮ್ ಫಾಸ್ಟ್!

(ಅಜ್ಜಿ ಪಾತ್ರೆಯಿಂದ ಸೌಟು ಎತ್ತುತ್ತಾರೆ. ಸೌಟಿನಲ್ಲಿ ಉದ್ದದ ನುಗ್ಗೇಕಾಯಿ.)

ಅನ್ವಿ, ಇಶಾನ್: (ಒಟ್ಟಿಗೆ ಕಿರುಚಿ) ಬೋನ್! ಬೋನ್!

ಅಮ್ಮ: (ಓಡಿ ಬಂದು) ಏನ್ರೋ ಗಲಾಟೆ?

ಅನ್ವಿ: ಅಜ್ಜಿ ಹುಲಿ ಮಾಡಿದ್ದಾರೆ! ಅದರ ಬೋನ್ ನೋಡು!

ಅಮ್ಮ: (ನಗು ತಡೆಯದೆ) ಅದು ನುಗ್ಗೇಕಾಯಿ ಕಣೇ! ಅಮ್ಮ ಮಾಡಿರೋದು ಹುಲಿ ಅಲ್ಲ, ಹು... ಳಿ. ಬೇಳೆ, ತರಕಾರಿ ಹಾಕಿ ಮಾಡೋ ಹುಳಿ. ಅನ್ನಕ್ಕೆ ಕಲ್ಸ್ಕೊಂಡು ತಿನ್ನೋದು.

ಅಜ್ಜಿ: (ಎದೆ ಮೇಲೆ ಕೈಯಿಟ್ಟು) ಅಯ್ಯೋ ನನ್ನ ಕಂದಗಳಾ! ಈ ವಯಸ್ಸಲ್ಲಿ ನಾನು ಹುಲಿ ಹಿಡಿಯೋಕೆ ಬಂಡೀಪುರಕ್ಕೆ ಹೋಗ್ಲಾ? ಈ ಮಂಕಿ ಟೋಪಿ ನೋಡಿದ್ರೆ ಹುಲಿನೇ ಓಡಿಹೋಗುತ್ತೆ!

ದೃಶ್ಯ 2

(ಸಂಜೆ. ಅಜ್ಜಿ ಸೋಫಾದಲ್ಲಿ ಬತ್ತಿ ಹೊಸೆಯುತ್ತಿದ್ದಾರೆ. ಈ ದೃಶ್ಯ ನಿಧಾನವಾಗಿ ಆಡಿಸಿ. ಬಕೆಟ್ ಕಾಣಿಸಿದ ತಕ್ಷಣ ಸಭೆಯಲ್ಲಿ ದೊಡ್ಡವರು ನಗುತ್ತಾರೆ, ಮಕ್ಕಳಿಗೆ ಅರ್ಥವಾಗಲು ಇನ್ನೊಂದು ನಿಮಿಷ ಬೇಕು.)

ಅಜ್ಜಿ: ಇಶಾನ್ ಮರಿ, ಒಂದು ಕೆಲಸ ಮಾಡ್ತೀಯಾ? ಹೆಸರುಕಾಳು ನೀರಲ್ಲಿ ನೆನೆಹಾಕು. ನಾಳೆ ಉಸ್ಲಿ ಮಾಡೋಣ.

ಇಶಾನ್: ಓಕೆ ಅಜ್ಜಿ! (ಮುಂದೆ ಬಂದು, ಬೆರಳು ಮಡಚುತ್ತಾ) ಹೆಸರು ಅಂದ್ರೆ ನೇಮ್. ಕಾಲು ಅಂದ್ರೆ ಲೆಗ್. ಹೆಸರು ಕಾಲು... ಕಾಲಿಗೆ ಹೆಸರಿಡಬೇಕು! ನೀರಲ್ಲಿ ಹಾಕಬೇಕು! ಈಸಿ!

(ಬಕೆಟ್ ಎಳೆದುಕೊಂಡು ಬರುತ್ತಾನೆ. ಪ್ಯಾಂಟ್ ಮಡಚಿ ಕುರ್ಚಿ ಮೇಲೆ ಕೂರುತ್ತಾನೆ.)

ಇಶಾನ್: (ಬಲಗಾಲಿಗೆ) ನಿನ್ನ ಹೆಸರು ಭೀಮ. (ಎಡಗಾಲಿಗೆ) ನಿನ್ನ ಹೆಸರು ಪುಟ್ಟಣ್ಣ. ಭೀಮ, ನೀರಿಗೆ ಇಳಿ! ಅಬ್ಬಾ, ತಣ್ಣಗಿದೆ! ಪುಟ್ಟಣ್ಣ, ನೀನೂ ಬಾ.

ಅನ್ವಿ: ಏನ್ ಮಾಡ್ತಿದೀಯೋ?

ಇಶಾನ್: ಅಜ್ಜಿ ಹೇಳಿದ್ದು. ನಾಲೆವರೆಗೂ ಹೀಗೇ ಕೂತಿರಬೇಕು.

ಅನ್ವಿ: ಸ್ಕೂಲು?

ಇಶಾನ್: (ಖುಷಿಯಿಂದ) ಹೋಗೋ ಹಾಗಿಲ್ಲ! ಭೀಮ, ಪುಟ್ಟಣ್ಣ ನೆನೀತಿದ್ದಾರೆ.

(ಅಜ್ಜಿ ಬರುತ್ತಾರೆ. ಬಕೆಟ್ ನೋಡಿ ನಿಲ್ಲುತ್ತಾರೆ.)

ಅಜ್ಜಿ: ಯಾಕೋ ಹೀಗೆ ಕೂತಿದ್ದೀಯ? ಶೀತ ಆಗುತ್ತೆ, ಏಳು ಮೇಲೆ! ನಾನು ಹೇಳಿದ್ದು ಕಾಳು!

ಇಶಾನ್: ಇದೇ ಅಲ್ವಾ ಕಾಲು?

ಅಜ್ಜಿ: (ತನ್ನ ಕಾಲು ಎತ್ತಿ ಸಾಕ್ಸ್ ತೋರಿಸಿ) ಇದು ಕಾಲು. (ಡಬ್ಬಿ ಗಲಗಲ ಅಲ್ಲಾಡಿಸಿ) ಇದು ಕಾಳು. ನಿನ್ನ ಕಾಲು ನೆನೆಹಾಕಿದ್ರೆ ಮೊಳಕೆ ಬರುತ್ತೇನೋ?

ಇಶಾನ್: (ಗಾಬರಿಯಿಂದ ಹೆಬ್ಬೆರಳು ನೋಡಿಕೊಂಡು) ಅಕ್ಕಾ, ಬಂದಿದ್ಯಾ ನೋಡು!

ದೃಶ್ಯ 3

(ಅಜ್ಜಿ ಟವಲ್‌ನಿಂದ ಇಶಾನನ ಕಾಲು ಒರೆಸುತ್ತಾ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.)

ಅಜ್ಜಿ: ಬಾಯಿ ತೆಗೀರಿ ನೋಡೋಣ. ಲ ಅನ್ನಿ. ನಾಲಿಗೆ ತುದಿ ಎಲ್ಲಿದೆ?

ಅನ್ವಿ: ಹಲ್ಲಿನ ಹಿಂದೆ.

ಅಜ್ಜಿ: ಭೇಷ್. ಈಗ ಇದು ನೋಡಿ, ವೀಳ್ಯದೆಲೆ. (ಎಲೆ ತುದಿಯನ್ನು ಹಿಂದಕ್ಕೆ ಮಡಚಿ) ನಾಲಿಗೇನೂ ಹೀಗೇ ಹಿಂದಕ್ಕೆ ಮಡಚಿ, ಮೇಲೆ ಅಂಗುಳಕ್ಕೆ ತಾಗಿಸಿ, ಪಟ್ ಅಂತ ಬಿಡಿ. ಳ!

ಇಶಾನ್: (ಮುಖ ಕಿವುಚಿ) ಲ್ಲ್ಲ್ರ್... ಗ್ಲಾ! ಅಜ್ಜಿ, ನನ್ನ ನಾಲಿಗೆ ಸಿಕ್ಕಾಕೊಂಡಿದೆ!

ಅಜ್ಜಿ: (ಸಭೆಗೆ) ಅಲ್ಲಿ ಕೂತಿರೋ ಮಕ್ಕಳೂ ಸೇರ್ಕೊಳ್ಳಿ. ಎಲ್ರೂ ನಾಲಿಗೆ ಮಡಚಿ. ನಾನು ಕಾಲು ತೋರಿಸಿದ್ರೆ ‘ಕಾಲು’. ಡಬ್ಬಿ ಅಲ್ಲಾಡಿಸಿದ್ರೆ ‘ಕಾಳು’.

(ನಿಧಾನವಾಗಿ ಮೂರು ಸಲ, ಆಮೇಲೆ ಬೇಗ ಬೇಗ. ಕೊನೆಗೆ ಕಾಲು ಎತ್ತಿಕೊಂಡೇ ಡಬ್ಬಿ ಅಲ್ಲಾಡಿಸಿ ಸಭೆಯನ್ನು ಗೊಂದಲಕ್ಕೆ ಹಾಕಿ. ಇಲ್ಲಿ ಅವಸರ ಬೇಡ. ಮಕ್ಕಳ ಬಾಯಲ್ಲಿ ಪದ ಹತ್ತು ಸಲ ಹೊರಳುವುದು ಇಲ್ಲೇ.)

ಅನ್ವಿ: (ಹಾಲಿನ ಕ್ಯಾನ್ ಮೂಸಿ, ಮೂಗು ಮುಚ್ಚಿ) ಅಜ್ಜಿ! ಹಾಲು... ಹಾ... ಳಾಗಿದೆ!

ಅಜ್ಜಿ: (ಎದ್ದು ಕುಣಿದು) ಬಂತು! ಬಂತು! ಹಾಲು ಹಾಳಾಗಿದೆ! ಎಷ್ಟು ಚೆನ್ನಾಗಿ ಹೇಳಿದ್ಲು ನನ್ನ ಚಿನ್ನ!

ಅನ್ವಿ: ಅಜ್ಜಿ, ಹಾಲು ನಿಜವಾಗ್ಲೂ ಹಾಳಾಗಿದೆ.

ಅಜ್ಜಿ: ಹೋಗ್ಲಿ ಬಿಡು, ಳ ಬಂತಲ್ಲ!

ಅಮ್ಮ: (ಬಾಗಿಲಲ್ಲಿ) ಇಶಾನ್, ಹೋಮ್‌ವರ್ಕ್?

ಇಶಾನ್: ನಾಲೆ ಮಾಡ್ತೀನಿ ಅಮ್ಮ.

ಅಜ್ಜಿ: ನಾಲೆನಾ? ಕನ್ನಂಬಾಡಿ ಕಟ್ಟೆಯಿಂದ ಮಂಡ್ಯಕ್ಕೆ ನೀರು ಹೋಗುತ್ತಲ್ಲ, ಅದು ನಾಲೆ. ಅದನ್ನ ತೋಡೋಕೆ ಎಷ್ಟೋ ಜನ, ಎಷ್ಟೋ ವರ್ಷ ಬೇಕಾಯ್ತು. ನೀನೊಬ್ಬನೇ ಹೇಗೋ ಮಾಡ್ತೀಯ?

ಇಶಾನ್: (ನಾಲಿಗೆ ಮಡಚಿ, ಕಷ್ಟಪಟ್ಟು) ನಾ... ಳೆ. ನಾಳೆ ಮಾಡ್ತೀನಿ!

ಅಮ್ಮ: ನಾಳೆ ಅಂತ ಸರಿಯಾಗಿ ಹೇಳಿದ್ದಕ್ಕೆ ಮುತ್ತು. ಹೋಮ್‌ವರ್ಕ್ ಮಾತ್ರ ಇವತ್ತೇ.

ಇಶಾನ್: (ಅಜ್ಜಿ ತೊಡೆಗೆ ಒರಗಿ) ಹಾಗಾದ್ರೆ ಮೊದ್ಲು ಒಂದು ಕಥೆ. ಅಜ್ಜಿ, ಕಥೆ ಹೇಲು!

(ಎಲ್ಲರೂ ಕಲ್ಲಿನಂತೆ ನಿಲ್ಲುತ್ತಾರೆ. ಅಮ್ಮ ಬಾಯಿ ಮುಚ್ಚಿಕೊಳ್ಳುತ್ತಾಳೆ. ಈ ಮಾತನ್ನು ತೆಗೆಯಬೇಡಿ. ಕನ್ನಡ ಮನೆಗಳಲ್ಲಿ ಮಕ್ಕಳು ದಿನಾ ಮಾಡುವ ತಪ್ಪು ಇದು, ವೇದಿಕೆ ಮೇಲೆ ಒಮ್ಮೆ ನಕ್ಕರೆ ನಿಂತುಹೋಗುತ್ತದೆ.)

ಅಜ್ಜಿ: ಕಂದಾ... ಆ ಕೆಲಸ ಬೆಳಗ್ಗೆ, ಬಚ್ಚಲುಮನೆ ಕಡೆ, ಬಾಗಿಲು ಹಾಕ್ಕೊಂಡು. ಕಥೆನ ಹೇ... ಳು ಅನ್ಬೇಕು.

ಇಶಾನ್: (ಅಕ್ಕ ಕಿವಿಯಲ್ಲಿ ಅರ್ಥ ಹೇಳಿದ ಮೇಲೆ, ಕಣ್ಣು ದೊಡ್ಡದು ಮಾಡಿ) ಹೇಳು! ಹೇಳು! ಹೇಳು! ಹೇಳು!

ದೃಶ್ಯ 4

(ಡಿಂಗ್ ಡಾಂಗ್. ಜೇಕಬ್ ಸೈಕಲ್ ಹೆಲ್ಮೆಟ್ ಹಾಕಿಕೊಂಡು, ರಟ್ಟಿನ ಫಲಕ ಹಿಡಿದು ನುಗ್ಗುತ್ತಾನೆ. ಫಲಕದ ಮೇಲೆ ಹುಲಿಯ ಚಿತ್ರ, ಕೆಳಗೆ ಸೊಟ್ಟ ಅಕ್ಷರದಲ್ಲಿ ‘ಹುಲಿ ಉಳಿಸಿ’.)

ಜೇಕಬ್: ಸ್ಟಾಪ್! ಡೋಂಟ್ ಈಟ್ ದ ಟೈಗರ್!

ಅಜ್ಜಿ: ಯಾರಪ್ಪಾ ಈ ಸೈನಿಕ?

ಅನ್ವಿ: (ಫಲಕ ಓದಿ) ಜೇಕಬ್, ಕನ್ನಡದಲ್ಲಿ ಬರೆದಿದ್ದೀಯಾ?

ಜೇಕಬ್: (ತೋಚಿದ್ದು ಹೇಳುವಂತೆ) ಅನ್ವಿ ಬುಕ್. ಲೈಬ್ರರಿ. ಕಾಪಿ!

ಅಜ್ಜಿ: ಹುಲಿ ಉಳಿಸೋದು ಒಳ್ಳೇ ಕೆಲಸಾನೇ ಮಗಾ. 2022ರ ಎಣಿಕೇಲಿ ನಮ್ಮ ಕರ್ನಾಟಕದಲ್ಲಿ 563 ಹುಲಿ ಇದ್ವು. ಒಂದನ್ನೂ ನಾನು ಕುಕ್ಕರಿಗೆ ಹಾಕಿಲ್ಲ, ತಿಪಟೂರು ಕೊಬ್ಬರಿ ಆಣೆ! ಬಾ, ಕೂತ್ಕೋ. ಇದು ಹುಳಿ. ಹು-ಳಿ.

ಜೇಕಬ್: (ಅಜ್ಜಿಯ ಬಾಯನ್ನೇ ನೋಡುತ್ತಾ, ಹುಬ್ಬು, ಮೂಗು, ತಲೆ ಎಲ್ಲವನ್ನೂ ಅವರಂತೆಯೇ ಅಲ್ಲಾಡಿಸಿ) ಹು... ಳಿ!

(ಅಜ್ಜಿ ಮಂಕಿ ಟೋಪಿ ತೆಗೆದು ಜೇಕಬ್ ಹೆಲ್ಮೆಟ್ ಮೇಲೆ ಹಾಕುತ್ತಾರೆ.)

ಇಶಾನ್: ಅನ್ಯಾಯ! ಅವನಿಗೆ ಮೊದಲನೇ ಸಲಕ್ಕೇ ಬಂತು!

ಅಜ್ಜಿ: ಅವನು ನನ್ನ ಬಾಯಿ ನೋಡ್ದ, ನೀನು ಟಿವಿ ನೋಡ್ತಿದ್ದೆ. ಏಳಿ, ತಟ್ಟೆ ಹಾಕಿ. ಹುಳಿ ಬೇಕಾದವರು ಹಾಡಿ ಕೇಳ್ಬೇಕು!

(ಎಲ್ಲರೂ ತಟ್ಟೆ ಬಡಿಯುತ್ತಾ, ಸಭೆಯೊಂದಿಗೆ, ಸುತ್ತಿಗೊಂದು ಸಲ ವೇಗ ಹೆಚ್ಚಿಸಿ)

ಹುಲಿ ಉಳಿಸಿ, ಹುಳಿ ಬಡಿಸಿ!
ಕಾಲು ಒರೆಸಿ, ಕಾಳು ನೆನೆಸಿ!
ಹಾಲು ಹಾಳು, ಅಜ್ಜಿ ಹೇಳು,
ನಾಳೆ ಉಸ್ಲಿ, ಇವತ್ತೇ ಹುಳಿ!

(ಅಜ್ಜಿ ಬಡಿಸುತ್ತಾರೆ. ಜೇಕಬ್ ಒಂದು ತುತ್ತು ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, ತಟ್ಟೆ ಮುಂದೆ ಚಾಚುತ್ತಾನೆ.)

ಜೇಕಬ್: ಅಜ್ಜಿ... ಇನ್ನೂ ಸ್ವಲ್ಪ ಹುಲಿ!

ಎಲ್ಲರೂ: ಹುಳಿ!

(ತೆರೆ.)